ಎಕ್ಸ್‌ರೇಯಲ್ಲಿ ಕಾಣದ ಬಿರುಕು: ಅಂಗೈ ಊರಿ ಬಿದ್ದವರ ಮಣಿಕಟ್ಟಿನೊಳಗೆ

ಹೋದ ಜನವರಿಯಲ್ಲಿ ನಮ್ಮ ಮನೆಯಲ್ಲಿ ತೊಟ್ಟಿಲು ಕಾರ್ಯ ಇತ್ತು. ಮುಧೋಳದ ಕಡೆಯಿಂದ ನನ್ನ ಅಕ್ಕನ ಮಗ ಬಂದಿದ್ದ. ಇಪ್ಪತ್ತಮೂರರ ಹುಡುಗ, ಕಬ್ಬಿನ ಟ್ರ್ಯಾಕ್ಟರ್ ನೋಡಿಕೊಳ್ಳುತ್ತಾನೆ. ಊಟ ಮುಗಿದು ಪಂಕ್ತಿಯಿಂದ ಎಲ್ಲರೂ ಏಳುವಾಗ ಅವನು ಎದ್ದ ರೀತಿ ನನ್ನ ಕಣ್ಣಿಗೆ ಬಿತ್ತು. ಉಳಿದವರು ನೆಲಕ್ಕೆ ಅಂಗೈ ಊರಿ ಎದ್ದರೆ ಇವನು ಎಡಗೈಯ ಮುಷ್ಟಿ ಬಿಗಿದು, ಗೆಣ್ಣುಗಳ ಮೇಲೆ ಭಾರ ಹಾಕಿ ಎದ್ದ.

"ಕೈಗೇನಾಗೇತಿ?" ಅಂದೆ.

"ಏನಿಲ್ಲ ಮಾಮಾ, ನಾಕ ದಿನದ ಹಿಂದ ಗಾಡಿ ಜಾರಿತ್ತು. ರಸ್ತೆದಾಗ ಕಬ್ಬ ಬಿದ್ದಿತ್ತು ನೋಡ್ರಿ, ಮುಂದಿನ ಗಾಲಿ ಅದರ ಮ್ಯಾಲ ಹತ್ತಿ ಜಾರ್ತು. ಎಕ್ಸ್‌ರೇ ತಗದ್ರು, ಏನೂ ಮುರದಿಲ್ಲ, ಬರೇ ಉಳುಕೈತಿ ಅಂದ್ರು."

ನಾನು ಬಾಗಲಕೋಟೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸದಲ್ಲಿರುವವನು. ಮಣಿಕಟ್ಟಿನ ಫಿಲ್ಮುಗಳನ್ನು ಎಷ್ಟು ತೆಗೆದಿದ್ದೇನೋ ಲೆಕ್ಕವಿಲ್ಲ. ಅದಕ್ಕೇ "ಎಕ್ಸ್‌ರೇ ತಗದ್ರು, ಏನೂ ಇಲ್ಲಂದ್ರು" ಎಂಬ ಮಾತು ಕೇಳಿದಾಗ ನನಗೆ ನೆಮ್ಮದಿಯಾಗುವುದಿಲ್ಲ. ಉಳಿದ ಎಷ್ಟೋ ಎಲುಬುಗಳಿಗೆ ಆ ಮಾತು ಸಾಕು. ಮಣಿಕಟ್ಟಿನ ಒಂದು ಸಣ್ಣ ಎಲುಬಿಗೆ ಮಾತ್ರ ಸಾಲದು.

ಆ ಎಲುಬಿನ ಹೆಸರು ಸ್ಕೇಫಾಯ್ಡ್. ಗ್ರೀಕ್ ಭಾಷೆಯಲ್ಲಿ ದೋಣಿಗೆ ಇರುವ ಹೆಸರಿನಿಂದ ಬಂದದ್ದು. ನನಗೆ ಅದು ದೋಣಿಗಿಂತ ಗೋಡಂಬಿಯ ಹಾಗೆ ಕಾಣುತ್ತದೆ. ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದ, ನಡುವೆ ಸ್ವಲ್ಪ ಸಣ್ಣಗಾಗಿ ಬಾಗಿದ ಆಕಾರ. ಮುಂಗೈಯ ಎರಡು ಉದ್ದ ಎಲುಬುಗಳಿಗೂ ಅಂಗೈಯ ಎಲುಬುಗಳಿಗೂ ನಡುವೆ ಎರಡು ಸಾಲಾಗಿ ಎಂಟು ಪುಟ್ಟ ಎಲುಬುಗಳಿವೆ. ಹೆಬ್ಬೆರಳಿನ ಕಡೆ ಇರುವ ಸ್ಕೇಫಾಯ್ಡ್ ಆ ಎರಡೂ ಸಾಲುಗಳಿಗೆ ಸೇತುವೆಯಂತೆ ಅಡ್ಡಲಾಗಿ ಕೂತಿದೆ. ಎಂಟರಲ್ಲಿ ಹೆಚ್ಚಾಗಿ ಮುರಿಯುವುದೂ ಇದೇ.

ಬೀಳುವಾಗ ಮನುಷ್ಯ ಯೋಚಿಸಿ ಕೈ ಚಾಚುವುದಿಲ್ಲ, ಕೈ ತಾನಾಗಿ ಮುಂದೆ ಹೋಗುತ್ತದೆ. ಅಂಗೈ ನೆಲಕ್ಕೆ ಬಡಿದು ಮಣಿಕಟ್ಟು ಹಿಂದಕ್ಕೆ ಮಡಚುತ್ತದೆ. ಅದು ಲಂಬಕೋನ ದಾಟಿ ಮಡಚಿದಾಗ ಸ್ಕೇಫಾಯ್ಡಿನ ಮೊಣಕೈ ಕಡೆಯ ತುದಿಯನ್ನು ಮುಂಗೈಯ ದಪ್ಪ ಎಲುಬು, ಅಂದರೆ ರೇಡಿಯಸ್, ಇಕ್ಕಳದಂತೆ ಹಿಡಿದಿಟ್ಟುಕೊಳ್ಳುತ್ತದೆ. ಬೆರಳ ಕಡೆಯ ತುದಿ ಮಾತ್ರ ಅಂಗೈ ಜೊತೆ ಹಿಂದಕ್ಕೆ ಹೋಗುತ್ತದೆ. ಒಂದು ತುದಿ ಹಿಡಿದು ಇನ್ನೊಂದನ್ನು ಬಗ್ಗಿಸಿದರೆ ಕಡ್ಡಿ ಎಲ್ಲಿ ಮುರಿಯುತ್ತದೆಯೋ ಇದೂ ಅಲ್ಲೇ, ನಡುವಿನ ಸಣ್ಣ ಭಾಗದಲ್ಲಿ. ಹೆಚ್ಚಿನ ಸ್ಕೇಫಾಯ್ಡ್ ಮುರಿತಗಳು ಈ ಸೊಂಟದಲ್ಲೇ ಆಗುತ್ತವೆ. ಇದೇ ರೀತಿ ವಯಸ್ಸಾದ ತಾಯಿಯೊಬ್ಬರು ಅಂಗಳದಲ್ಲಿ ಜಾರಿ ಬಿದ್ದರೆ ಸಾಮಾನ್ಯವಾಗಿ ಮುರಿಯುವುದು ರೇಡಿಯಸ್ಸಿನ ತುದಿ, ಅದು ಅಷ್ಟರಲ್ಲಿ ಸವೆದು ಮೆತ್ತಗಾಗಿರುತ್ತದೆ. ಕೈ ಸೊಟ್ಟಗಾಗುತ್ತದೆ, ಊದಿಕೊಳ್ಳುತ್ತದೆ, ಯಾರಿಗೂ ಅನುಮಾನ ಉಳಿಯುವುದಿಲ್ಲ. ಹದಿನೈದರಿಂದ ಮೂವತ್ತರ ಒಳಗಿನ ಹುಡುಗರ ರೇಡಿಯಸ್ ಗಟ್ಟಿ. ಅದು ತಡೆದುಕೊಂಡು ಪೆಟ್ಟನ್ನು ಸ್ಕೇಫಾಯ್ಡಿಗೆ ದಾಟಿಸುತ್ತದೆ. ಬೈಕು, ಕುಸ್ತಿ, ಕಬಡ್ಡಿ, ವಿಜಯಪುರ ಬಾಗಲಕೋಟೆಯ ಹುಡುಗರ ಸೈಕಲ್ ರೇಸು, ಎಲ್ಲದರಲ್ಲೂ ಬೀಳುವುದು ಈ ವಯಸ್ಸಿನವರೇ.

ಈ ಮುರಿತ ಮೋಸ ಮಾಡುವುದು ಮೊದಲು ಇಲ್ಲಿಯೇ. ಕೈ ಸೊಟ್ಟಗಾಗುವುದಿಲ್ಲ. ಬಾವು ಸ್ವಲ್ಪವೇ. ಬೆರಳುಗಳೆಲ್ಲ ಆಡುತ್ತವೆ. ಎರಡು ದಿನ ಮಾತ್ರೆ ನುಂಗಿದರೆ ನೋವು ಅರ್ಧಕ್ಕಿಳಿಯುತ್ತದೆ. ಊರಲ್ಲಿ ಹತ್ತು ಜನ ಕೇಳಿದರೆ ಹತ್ತೂ ಜನ "ಉಳುಕೈತಿ" ಅಂತಲೇ ಹೇಳುತ್ತಾರೆ.

ಅಳಿಯನನ್ನು ಕಟ್ಟೆಯ ಮೇಲೆ ಕೂರಿಸಿ ಎಡಗೈ ಹೆಬ್ಬೆರಳನ್ನು ಹಿಂದಕ್ಕೆ ಚಾಚು ಅಂದೆ. ನೀವೂ ನಿಮ್ಮ ಕೈ ಹಿಡಿದು ನೋಡಬಹುದು. ಹೆಬ್ಬೆರಳನ್ನು ಉಳಿದ ಬೆರಳುಗಳಿಂದ ದೂರ, ಮೇಲಕ್ಕೆ ಬಿಗಿಯಾಗಿ ಎತ್ತಿದರೆ ಅದರ ಬುಡದಲ್ಲಿ, ಮಣಿಕಟ್ಟಿನ ಹತ್ತಿರ, ಎರಡು ನರಗಳಂತೆ ಸ್ನಾಯುರಜ್ಜುಗಳು ಎದ್ದು ನಿಲ್ಲುತ್ತವೆ. ಅವುಗಳ ನಡುವೆ ಒಂದು ಮುಕ್ಕೋನದ ತಗ್ಗು ಬೀಳುತ್ತದೆ. ನಮ್ಮಜ್ಜ ತಪಕೀರು ಏರಿಸುತ್ತಿದ್ದುದು ಆ ತಗ್ಗಿನಿಂದಲೇ. ನಿಪ್ಪಾಣಿಯ ತಂಬಾಕಿನ ನಶ್ಯವನ್ನು ಡಬ್ಬಿಯಿಂದ ಅಲ್ಲಿಗೆ ಸುರಿದುಕೊಂಡು ಮೂಗಿಗೆ ಹಿಡಿಯುತ್ತಿದ್ದ. ಯುರೋಪಿನ ವೈದ್ಯರೂ ಆ ತಗ್ಗಿಗೆ ಇಟ್ಟಿರುವ ಹೆಸರು ನಶ್ಯದ ಡಬ್ಬಿ ಎಂದೇ. ಸ್ಕೇಫಾಯ್ಡಿನ ಸೊಂಟ ಇರುವುದು ಅದರ ತಳದಲ್ಲಿ. ಕೈಯನ್ನು ಕಿರುಬೆರಳಿನ ಕಡೆ ಸ್ವಲ್ಪ ವಾಲಿಸಿದರೆ ಎಲುಬು ಇನ್ನೂ ಬೆರಳ ತುದಿಗೆ ಸಿಗುತ್ತದೆ.

ಮೊದಲು ಅವನ ಬಲಗೈಯ ತಗ್ಗು ಒತ್ತಿದೆ. ಒಳ್ಳೆಯ ಕೈಯಲ್ಲೂ ಅಲ್ಲಿ ಜೋರಾಗಿ ಒತ್ತಿದರೆ ಒಂಥರಾ ಹಿಂಸೆಯಾಗುತ್ತದೆ, ಚರ್ಮದ ಕೆಳಗೇ ಒಂದು ನರ ಹಾದುಹೋಗುತ್ತದೆ. ಹಾಗಾಗಿ ಎರಡೂ ಕೈ ಹೋಲಿಸದೆ ಏನೂ ಹೇಳಬಾರದು. ಬಲಗೈಗೆ ಅವನು ಸುಮ್ಮನಿದ್ದ. ಎಡಗೈಯಲ್ಲಿ ಅಷ್ಟೇ ಒತ್ತಿದ್ದಕ್ಕೆ "ಯವ್ವಾ" ಅಂತ ಕೈ ಎಳೆದುಕೊಂಡ. ಆಮೇಲೆ ಅಂಗೈ ಕಡೆ, ಹೆಬ್ಬೆರಳ ದಿಬ್ಬ ಮಣಿಕಟ್ಟಿನ ಗೆರೆಗೆ ಸೇರುವಲ್ಲಿ ಇರುವ ಸಣ್ಣ ಉಬ್ಬು ಒತ್ತಿದೆ. ಅಲ್ಲೂ ನೋವು. ಕೊನೆಗೆ ಹೆಬ್ಬೆರಳನ್ನು ನೇರ ಹಿಡಿದು ಅದರ ಉದ್ದಕ್ಕೇ ಮೆಲ್ಲಗೆ ಮಣಿಕಟ್ಟಿನ ಕಡೆ ತಳ್ಳಿದೆ. ಮುಖ ಕಿವುಚಿದ. ಮೂರೂ ಕಡೆ ನೋವಿದ್ದರೆ ಮುರಿದಿದೆ ಎಂದೇ ಅರ್ಥವಲ್ಲ. ಹೀಗೆ ನೋಯುವವರಲ್ಲಿ ಬಹಳ ಜನರಿಗೆ ಕೊನೆಗೆ ಮುರಿತ ಸಿಗುವುದೇ ಇಲ್ಲ. ಆದರೆ ಮುರಿದಿದ್ದರೆ ಈ ಮೂರರಲ್ಲಿ ಒಂದಾದರೂ ನೋಯದೆ ಇರುವುದು ಅಪರೂಪ. ಒತ್ತಿ ನೋಡುವ ಪರೀಕ್ಷೆಗೆ ಇರುವ ಬೆಲೆ ಅದು: ಅನುಮಾನ ಹುಟ್ಟಿಸಲು ಸಾಕು, ತೀರ್ಪು ಕೊಡಲು ಸಾಲದು.

ಅವನು ತಂದಿದ್ದ ಫಿಲ್ಮು ಬೆಳಕಿಗೆ ಹಿಡಿದು ನೋಡಿದೆ. ಎರಡು ನೋಟ, ಮುಂದಿನಿಂದ ಒಂದು, ಪಕ್ಕದಿಂದ ಒಂದು. ಎರಡರಲ್ಲೂ ಬಿರುಕಿನ ಗೆರೆ ಇರಲಿಲ್ಲ. ಅದನ್ನು ಓದಿದವರು ಸುಳ್ಳೇನೂ ಹೇಳಿರಲಿಲ್ಲ, ಫಿಲ್ಮಿನಲ್ಲಿ ಇಲ್ಲದ್ದನ್ನು ಅವರು ಎಲ್ಲಿಂದ ನೋಡಬೇಕು? ನಿಜವಾಗಿ ಮುರಿದ ನೂರು ಸ್ಕೇಫಾಯ್ಡುಗಳಲ್ಲಿ ಹತ್ತರಿಂದ ಇಪ್ಪತ್ತು ಮೊದಲ ಎಕ್ಸ್‌ರೇಯಲ್ಲಿ ತಪ್ಪಿಸಿಕೊಳ್ಳುತ್ತವೆ. ಯಂತ್ರ ಹಳೆಯದು, ಫಿಲ್ಮು ಮಸುಕು ಎಂಬ ಕಾರಣಕ್ಕಲ್ಲ, ಒಳ್ಳೆಯ ಡಿಜಿಟಲ್ ಯಂತ್ರದಲ್ಲೂ ಇದು ಆಗುತ್ತದೆ.

ಎಕ್ಸ್‌ರೇ ಎಂದರೆ ನೆರಳು. ಕಿರಣಗಳು ಕೈಯ ಮೂಲಕ ಹಾದು ಹಿಂದಿನ ಫಲಕಕ್ಕೆ ಬೀಳುತ್ತವೆ. ಎಲುಬು ದಟ್ಟವಾದ್ದರಿಂದ ಕಿರಣಗಳನ್ನು ತಡೆದು ಬಿಳಿಯಾಗಿ ಕಾಣುತ್ತದೆ, ಖಾಲಿ ಸಂದು ಕಪ್ಪಾಗಿ ಕಾಣುತ್ತದೆ. ಹಳೆಯ ಮನೆಯ ಹಲಗೆ ಬಾಗಿಲು ನೆನೆಸಿಕೊಳ್ಳಿ. ಎರಡು ಹಲಗೆಗಳ ನಡುವಿನ ಸಂದಿಯಲ್ಲಿ ಹೊರಗಿನ ಬೆಳಕು ಕಾಣಬೇಕಾದರೆ ಕಣ್ಣು ಆ ಸಂದಿಯ ನೇರಕ್ಕೇ ಇರಬೇಕು. ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಹಲಗೆಯ ದಪ್ಪವೇ ಅಡ್ಡ ಬಂದು ಬಾಗಿಲು ಇಡಿಯಾಗಿ ಮುಚ್ಚಿದ ಹಾಗೆ ಕಾಣುತ್ತದೆ. ಬಿರುಕೂ ಹಾಗೆಯೇ. ಕಿರಣ ಅದರ ನೇರಕ್ಕೆ ಹಾದರೆ ಕಪ್ಪು ಗೆರೆ, ಓರೆಯಾಗಿ ಹಾದರೆ ಮುಂದಿನ ತುಂಡು ಹಿಂದಿನ ತುಂಡಿನ ಮೇಲೆ ಕೂತು ಗೆರೆ ಮಾಯ.

ಸ್ಕೇಫಾಯ್ಡಿನ ತೊಂದರೆ ಏನೆಂದರೆ ಅದು ಕೈಯೊಳಗೆ ನೆಟ್ಟಗೆ ಮಲಗಿಲ್ಲ. ಅಂಗೈ ಕಡೆಗೆ ಸುಮಾರು 45 ಡಿಗ್ರಿ ಬಾಗಿಕೊಂಡಿದೆ. ಕೈಯನ್ನು ಫಲಕದ ಮೇಲೆ ಚಪ್ಪಟೆ ಇಟ್ಟು ಮೇಲಿನಿಂದ ಸುಮ್ಮನೆ ತೆಗೆದರೆ ಆ ಎಲುಬು ಮೊಟಕಾಗಿ, ತನ್ನ ಮೇಲೆ ತಾನೇ ಮಡಚಿಕೊಂಡಂತೆ ಕಾಣುತ್ತದೆ. ಅದರ ಸೊಂಟ ಇಡೀ ಉದ್ದಕ್ಕೆ ಹರಡಿ ಕಾಣುವುದೇ ಇಲ್ಲ. ಪಕ್ಕದ ನೋಟದಲ್ಲಂತೂ ಎಂಟೂ ಎಲುಬುಗಳ ನೆರಳು ಒಂದರ ಮೇಲೊಂದು ಬಿದ್ದಿರುತ್ತದೆ.

ಅದಕ್ಕೇ ಈ ಎಲುಬಿಗೆಂದೇ ಬೇರೆ ನೋಟಗಳಿವೆ. ಚೀಟಿಯಲ್ಲಿ ಬರೇ "ಮಣಿಕಟ್ಟಿನ ಎಕ್ಸ್‌ರೇ" ಎಂದಿದ್ದರೆ ನಾವು ತೆಗೆಯುವುದು ಎರಡೇ ಫಿಲ್ಮು. "ಸ್ಕೇಫಾಯ್ಡ್ ನೋಟ" ಎಂದು ಬರೆದಿದ್ದರೆ ಕನಿಷ್ಠ ನಾಲ್ಕು. ಮುಂದಿನದು, ಪಕ್ಕದ್ದು, ಕೈಯನ್ನು ಅರ್ಧ ತಿರುಗಿಸಿ ಓರೆಯಾಗಿ ಒಂದು, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ, ಕೈಯನ್ನು ಕಿರುಬೆರಳಿನ ಕಡೆ ವಾಲಿಸಿ ಇನ್ನೊಂದು. ಹೀಗೆ ವಾಲಿಸಿದಾಗ ಮಡಚಿಕೊಂಡಿದ್ದ ಸ್ಕೇಫಾಯ್ಡ್ ಎದ್ದು ಉದ್ದಕ್ಕೆ ಚಾಚಿಕೊಳ್ಳುತ್ತದೆ. ಜೊತೆಗೆ ಟ್ಯೂಬನ್ನು ಮೊಣಕೈ ಕಡೆಗೆ ಸುಮಾರು 20 ಡಿಗ್ರಿ ಓರೆ ಮಾಡಿದರೆ ಕಿರಣ ಸೊಂಟದ ಬಿರುಕಿನ ನೇರಕ್ಕೆ ಹೆಚ್ಚು ಹತ್ತಿರ ಬರುತ್ತದೆ. ನೋಯುವ ಕೈಯನ್ನು ಹಾಗೆ ವಾಲಿಸಲು ಹುಡುಗರು ಒಪ್ಪುವುದಿಲ್ಲ, ನಾವೂ ಗಡಿಬಿಡಿಯಲ್ಲಿ ಬಿಟ್ಟುಬಿಡುತ್ತೇವೆ. ನನ್ನ ಕಸುಬಿನವರಿಗೆ ನಾನು ಕೈಮುಗಿದು ಹೇಳುವ ಮಾತು ಇದೊಂದೇ: ಆ ನಾಲ್ಕನೆಯ ನೋಟ ಬಿಡಬೇಡಿ.

ಮರುದಿನ ಅಳಿಯನನ್ನು ನಾನು ಕೆಲಸ ಮಾಡುವಲ್ಲಿಗೇ ಕರೆದುಕೊಂಡು ಹೋದೆ. ಎಲುಬಿನ ಡಾಕ್ಟರು ಒತ್ತಿ ನೋಡಿ ಸ್ಕೇಫಾಯ್ಡ್ ನೋಟ ಬರೆದರು. ನಾಲ್ಕೂ ಫಿಲ್ಮು ನಾನೇ ತೆಗೆದೆ, ನಿಧಾನವಾಗಿ, ಅವನ ಮೊಣಕೈ ಕೆಳಗೆ ದಿಂಬು ಕೊಟ್ಟು. ಪರದೆಯ ಮೇಲೆ ದೊಡ್ಡದು ಮಾಡಿ ಡಾಕ್ಟರೂ ನೋಡಿದರು, ನಾನೂ ನೋಡಿದೆ. ಬಿರುಕು ಕಾಣಲಿಲ್ಲ.

ಕೋನ ಸರಿಯಿದ್ದೂ ಕಾಣದಿರಲು ಇನ್ನೊಂದು ಕಾರಣವಿದೆ. ನನ್ನ ಮಟ್ಟಿಗೆ ಜನರಿಗೆ ಗೊತ್ತಿರಬೇಕಾದ ಮುಖ್ಯ ಸಂಗತಿ ಅದೇ. ಫಿಲ್ಮಿನಲ್ಲಿ ಕಾಣುವುದು ಬಿರುಕಲ್ಲ, ಬಿರುಕಿನಿಂದಾದ ಖಾಲಿ ಜಾಗ. ತುಂಡುಗಳು ಸರಿಯದೆ ಒಂದಕ್ಕೊಂದು ಒತ್ತಿಕೊಂಡೇ ಇದ್ದರೆ ನಡುವೆ ಖಾಲಿ ಜಾಗವೇ ಇಲ್ಲ. ಬಿದ್ದ ದಿನ ಕೂದಲಿನಷ್ಟು ತೆಳು. ಆದರೆ ಮುರಿದ ಅಂಚುಗಳಲ್ಲಿ ರಕ್ತ ಸಿಗದೆ ಎಲುಬಿನ ತೆಳು ಪದರ ಸಾಯುತ್ತದೆ. ಮುಂದಿನ ದಿನಗಳಲ್ಲಿ ದೇಹದ ಜೀವಕೋಶಗಳು ಅಲ್ಲಿಗೆ ಬಂದು ಆ ಸತ್ತ ಅಂಚನ್ನು ಕರಗಿಸಿ ಒಯ್ಯುತ್ತವೆ, ಹೊಸ ಎಲುಬು ಕಟ್ಟುವ ಮೊದಲಿನ ಸ್ವಚ್ಛತೆ ಅದು. ಹತ್ತು ಹದಿನಾಲ್ಕು ದಿನಕ್ಕೆ ಸಂದು ಅಗಲವಾಗಿ ಫಿಲ್ಮಿನಲ್ಲಿ ಗೆರೆ ಮೂಡುತ್ತದೆ. ವಾಸಿಯಾಗುವ ದಾರಿಯಲ್ಲೇ ಮುರಿತ ಮೊದಲಿಗಿಂತ ಹೆಚ್ಚು ಕಾಣತೊಡಗುತ್ತದೆ. ಎರಡು ವಾರ ಬಿಟ್ಟು ಮತ್ತೆ ಎಕ್ಸ್‌ರೇ ತೆಗೆಸಿ ಎಂದು ಡಾಕ್ಟರು ಹೇಳುವುದು ಇದಕ್ಕೇ. "ಸುಮ್ನ ಎರಡ ಸಲ ರೊಕ್ಕ ಹೊಡಿತಾರ" ಎಂಬ ಮಾತು ನಾನು ಕಿವಿಯಾರೆ ಕೇಳಿದ್ದೇನೆ. ಅದು ಹಾಗಲ್ಲ.

ಡಾಕ್ಟರು ಅಳಿಯನಿಗೆ ಎರಡು ದಾರಿ ಹೇಳಿದರು. ಈಗಲೇ ಎಂಆರ್‌ಐ ಮಾಡಿಸುವುದು ಒಂದು. ಎಂಆರ್‌ಐ ಎಲುಬಿನ ನೆರಳನ್ನಲ್ಲ, ಅದರೊಳಗಿನ ನೀರಿನಂಶವನ್ನು ನೋಡುತ್ತದೆ. ಬಿರುಕು ಬಿಟ್ಟ ಎಲುಬಿನ ಮಜ್ಜೆಯಲ್ಲಿ ಬಾವು ಬಂದು ಒಂದೆರಡು ದಿನದಲ್ಲೇ ಗುರುತು ಸಿಗುತ್ತದೆ, ತಪ್ಪುವುದು ಬಹಳ ಕಡಿಮೆ. ಬರೀ ಪೆಟ್ಟಿನ ಕಲೆಯೂ ಅಲ್ಲಿ ಹೊಳೆಯುವುದರಿಂದ ನೋಡುವವರಿಗೆ ಅನುಭವ ಬೇಕು ಅಷ್ಟೇ. ಇನ್ನೊಂದು, ಮುರಿದಿದೆ ಎಂದೇ ಎಣಿಸಿ ಪ್ಲಾಸ್ಟರ್ ಹಾಕಿ ಎರಡು ವಾರ ಕಾಯುವುದು. ಎಂಆರ್‌ಐ ದುಡ್ಡಿನ ಮಾತು. ಅಳಿಯ ಪ್ಲಾಸ್ಟರ್ ಒಪ್ಪಿದ, ಆದರೆ ಮುಖ ಸಣ್ಣದಾಗಿತ್ತು.

"ಮುರದೇತೋ ಇಲ್ಲೋ ಗೊತ್ತಿಲ್ಲದ ಪ್ಲಾಸ್ಟರ್ ಹಾಕ್ತಾರಲ್ಲ ಮಾಮಾ? ಕಬ್ಬಿನ ಸೀಜನ್ ನಡದೈತಿ."

ಅವನಿಗೆ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ. ಬೇರೆ ಎಲುಬಿಗೆ ಎರಡು ವಾರ ತಡವಾದರೆ ಅದು ಹೇಗೋ ಕೂಡಿಕೊಳ್ಳುತ್ತದೆ. ಸ್ಕೇಫಾಯ್ಡಿಗೆ ಆ ಸೌಲಭ್ಯವಿಲ್ಲ, ಅದಕ್ಕೆ ಕಾರಣ ರಕ್ತದ ದಾರಿ. ಈ ಎಲುಬಿನ ಹೆಚ್ಚಿನ ಭಾಗ ನುಣುಪಾದ ಮೃದ್ವಸ್ಥಿಯಿಂದ ಮುಚ್ಚಿದೆ, ರಕ್ತನಾಳ ಒಳಹೋಗಲು ಜಾಗ ಸ್ವಲ್ಪವೇ. ಮುಖ್ಯ ನಾಳಗಳು ಒಳಗೆ ಹೋಗುವುದು ಸೊಂಟದ ಹಿಂಬದಿಯಲ್ಲಿ ಮತ್ತು ಬೆರಳ ಕಡೆಯ ಅರ್ಧದಲ್ಲಿ. ಮೊಣಕೈ ಕಡೆಯ ಅರ್ಧಕ್ಕೆ ತನ್ನದೇ ನಾಳವಿಲ್ಲ, ಅಲ್ಲಿಗೆ ರಕ್ತ ಎಲುಬಿನ ಒಳಗಿನಿಂದಲೇ ಹಿಂದಕ್ಕೆ ಹರಿದು ಮುಟ್ಟಬೇಕು. ಘಟಪ್ರಭಾ ಕಾಲುವೆಯ ಕಟ್ಟಕಡೆಯ ಹೊಲ ಇದ್ದ ಹಾಗೆ. ನಡುವೆ ಕಾಲುವೆ ಒಡೆದರೆ ಮೇಲಿನ ಹೊಲಕ್ಕೆ ನೀರು ಸಿಗುತ್ತದೆ, ಕೊನೆಯವನ ಬೆಳೆ ಒಣಗುತ್ತದೆ. ಮುರಿತ ಮೊಣಕೈ ಕಡೆ ಹೋದಷ್ಟೂ ಆ ತುಂಡು ಸಾಯುವ ಅಪಾಯ ಹೆಚ್ಚು.

ಸಾಲದ್ದಕ್ಕೆ, ಉದ್ದ ಎಲುಬು ಮುರಿದರೆ ಅದರ ಹೊರಪೊರೆ ಸುತ್ತಲೂ ಗಂಟಿನಂತೆ ಹೊಸ ಎಲುಬು ಕಟ್ಟಿ ಹಿಡಿದುಕೊಳ್ಳುತ್ತದೆ. ಮೃದ್ವಸ್ಥಿ ಹೊದ್ದ ಸ್ಕೇಫಾಯ್ಡಿಗೆ ಅಂಥ ಪೊರೆ ಇಲ್ಲವೇ ಇಲ್ಲ ಎನ್ನುವಷ್ಟು. ಬಿರುಕಿನ ಎರಡೂ ಮುಖಗಳು ಒಂದಕ್ಕೊಂದು ತಾಗಿ, ಅಲುಗಾಡದೆ ಇದ್ದರೆ ಮಾತ್ರ ಒಳಗಿಂದ ಕೂಡುತ್ತದೆ. ಕೈ ಆಡಿಸಿದಾಗಲೆಲ್ಲ ಎರಡು ತುಂಡುಗಳು ಉಜ್ಜಿ, ಸಂದಿಗೆ ಕೀಲಿನ ದ್ರವ ಇಳಿಯುತ್ತದೆ. ಮೊದಲ ನಾಲ್ಕು ವಾರ ಸುಮ್ಮನೆ ಬಿಟ್ಟರೆ ಕೂಡದೆ ಉಳಿಯುವ ಸಾಧ್ಯತೆ ಬಹಳ ಏರುತ್ತದೆ. ಎಣ್ಣೆ ಹಚ್ಚಿ ತಿಕ್ಕುವುದು, ಎಳೆದು ಕೂಡಿಸುವುದು, ನಮ್ಮ ಕಡೆ ಉಳುಕು ತೆಗೆಯುವ ಈ ರೂಢಿ ಉಳಿದ ಕಡೆ ಏನೇ ಇರಲಿ, ಈ ತಗ್ಗಿನಲ್ಲಿ ನೋವಿದ್ದಾಗ ಮಾಡಲೇಬಾರದು.

ತಡವಾದರೆ ಏನಾಗುತ್ತದೆ ಎಂಬುದನ್ನು ನಾನು ಫಿಲ್ಮಿನಲ್ಲಿ ನೋಡಿದ್ದೇನೆ. ಒಬ್ಬ ಪೈಲ್ವಾನ ಹುಡುಗ, ಕುಸ್ತಿಯಲ್ಲಿ ಬಿದ್ದು ಹದಿನಾಲ್ಕು ತಿಂಗಳಾದ ಮೇಲೆ ಬಂದ. ಮೊದಲ ಎಕ್ಸ್‌ರೇ ಶುದ್ಧ ಇತ್ತಂತೆ, ಎರಡನೆಯದು ತೆಗೆಸಿರಲಿಲ್ಲ. ತಿಂಗಳೊಳಗೆ ನೋವು ಇಳಿದು ಮತ್ತೆ ಕಣಕ್ಕಿಳಿದಿದ್ದ. ಆಮೇಲೆ ದಂಡ ಹೊಡೆಯುವಾಗ ಕೈ ತಡೆಯದಾಯಿತು, ಹಿಡಿತ ಸಡಿಲಾಯಿತು. ಅವನ ಫಿಲ್ಮಿನಲ್ಲಿ ಸೊಂಟದ ಉದ್ದಕ್ಕೂ ಅಗಲ ಕಪ್ಪು ಸಂದು, ಅಂಚುಗಳು ಹೊಳೆಯುವ ಬಿಳುಪು. ಮೊಣಕೈ ಕಡೆಯ ತುಂಡು ಸುತ್ತಲಿನ ಎಲುಬುಗಳಿಗಿಂತ ಬೆಳ್ಳಗೆ, ಸೀಮೆಸುಣ್ಣದಂತೆ ಇತ್ತು. ಜೀವವಿರುವ ಎಲುಬು ಕೈ ಬಳಸದಿದ್ದಾಗ ಸ್ವಲ್ಪ ಮಂಕಾಗುತ್ತದೆ, ರಕ್ತ ನಿಂತ ತುಂಡು ಹಾಗೆ ಮಂಕಾಗಲಾರದು. ಅವನಿಗೆ ಬೇರೆ ಕಡೆಯಿಂದ ಎಲುಬು ತೆಗೆದು ಕೂರಿಸಿ ಸ್ಕ್ರೂ ಹಾಕುವ ಆಪರೇಷನ್ ಆಯಿತು. ಇನ್ನೂ ಕೆಲವು ವರ್ಷ ಹಾಗೇ ಬಿಟ್ಟಿದ್ದರೆ ರೇಡಿಯಸ್ ಮತ್ತು ಸ್ಕೇಫಾಯ್ಡ್ ತಿಕ್ಕಾಡಿ ಸವೆದು ಇಡೀ ಮಣಿಕಟ್ಟಿಗೇ ಸಂಧಿವಾತ ಹರಡುತ್ತಿತ್ತು.

ಅಳಿಯನಿಗೆ ಇದನ್ನೆಲ್ಲ ಹೇಳಿದ ಮೇಲೆ ಅವನು ಪ್ಲಾಸ್ಟರ್ ಬಿಚ್ಚಿಕೊಳ್ಳಲಿಲ್ಲ. ಮೊಣಕೈ ಕೆಳಗಿನಿಂದ ಅಂಗೈವರೆಗೆ, ಹೆಬ್ಬೆರಳ ಬುಡ ಸೇರಿಸಿ ಹಾಕಿದ್ದರು. ಹೆಬ್ಬೆರಳನ್ನು ಸೇರಿಸಲೇಬೇಕೇ ಎಂಬುದರಲ್ಲಿ ಡಾಕ್ಟರುಗಳಲ್ಲೇ ಎರಡು ಅಭಿಪ್ರಾಯಗಳಿವೆ. ಬಿದ್ದು ಹದಿನಾಲ್ಕನೆಯ ದಿನ ಪ್ಲಾಸ್ಟರ್ ತೆಗೆದು ಮತ್ತೆ ಅದೇ ನಾಲ್ಕು ನೋಟ ತೆಗೆದೆ. ಮುಂದಿನ ನೋಟದಲ್ಲಿ ಏನೂ ಇಲ್ಲ. ಪಕ್ಕದ್ದರಲ್ಲಿ ಏನೂ ಇಲ್ಲ. ಕಿರುಬೆರಳಿನ ಕಡೆ ವಾಲಿಸಿದ ಫಿಲ್ಮು ಪರದೆಗೆ ಬಂದಾಗ ಸ್ಕೇಫಾಯ್ಡಿನ ಸೊಂಟಕ್ಕೆ ಅಡ್ಡಲಾಗಿ, ಪೆನ್ಸಿಲಿನಿಂದ ಎಳೆದ ಹಾಗೆ, ಒಂದು ತೆಳು ಕಪ್ಪು ಗೆರೆ. ಒಂಬತ್ತು ದಿನ ಮೊದಲು ಅದೇ ಕೈ, ಅದೇ ಕೋನ, ಅದೇ ಯಂತ್ರ, ಅಲ್ಲಿ ಏನೂ ಇರಲಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ಅವನಿಗೆ ತೋರಿಸಿದೆ. ಸುಮಾರು ಹೊತ್ತು ನೋಡಿದ, ಮಾತಾಡಲಿಲ್ಲ.

ಅಂದು ಗೆರೆ ಕಾಣದೆ ತಗ್ಗಿನ ನೋವು ಮಾತ್ರ ಉಳಿದಿದ್ದರೆ ಆಗಲೂ ಪರವಾಗಿಲ್ಲ ಅನ್ನುವಂತಿರಲಿಲ್ಲ. ಎರಡನೆಯ ಎಕ್ಸ್‌ರೇಯೂ ಕೆಲವೊಮ್ಮೆ ಅನುಮಾನ ಬಿಡಿಸುವುದಿಲ್ಲ, ಆಗ ಎಂಆರ್‌ಐ ಅಥವಾ ಸಿಟಿ ಮಾಡಿಸಲೇಬೇಕು. ನೋವೂ ಹೋಗಿ ಫಿಲ್ಮೂ ಶುದ್ಧವಿದ್ದರೆ ಪ್ಲಾಸ್ಟರ್ ತೆಗೆದು ಕೈ ಆಡಿಸಲು ಬಿಡುತ್ತಾರೆ. ಎರಡು ವಾರ ಕೈ ಕಟ್ಟಿಕೊಂಡದ್ದು ವ್ಯರ್ಥವಾಯಿತು ಎನಿಸುವವರು ಬಹಳ ಜನ, ಅದು ಈ ವಿಧಾನದ ನಿಜವಾದ ಬೆಲೆ. ದುಡಿದು ತಿನ್ನುವವರಿಗೆ ಅದು ಸಣ್ಣದಲ್ಲ ಎಂದು ನನಗೂ ಗೊತ್ತು. ಹತ್ತಿರ ಎಂಆರ್‌ಐ ಇದ್ದು ಖರ್ಚು ಹೊಂದುವುದಾದರೆ ಮೊದಲ ವಾರವೇ ಮಾಡಿಸಿಕೊಂಡು ಬಿಡುವುದು ನನ್ನ ಪ್ರಕಾರ ಒಳ್ಳೆಯದು.

ಅಳಿಯನಿಗೆ ಗೆರೆ ಸಿಕ್ಕ ಮೇಲೆ ಸಿಟಿ ಮಾಡಿಸಿದರು. ತುಂಡುಗಳು ಸರಿದಿವೆಯೋ ಇಲ್ಲವೋ ಎಂಬುದು ಅದರಲ್ಲಿ ನಿಚ್ಚಳವಾಗಿ ತಿಳಿಯುತ್ತದೆ. ಒಂದು ಮಿಲಿಮೀಟರ್‌ಗಿಂತ ಹೆಚ್ಚು ಸರಿದಿದ್ದರೆ, ಅಥವಾ ಮುರಿತ ಮೊಣಕೈ ಕಡೆಯ ತುದಿಯಲ್ಲಿದ್ದರೆ, ಸಾಮಾನ್ಯವಾಗಿ ಸ್ಕ್ರೂ ಹಾಕುವುದೇ ವಾಸಿ. ಇವನದು ಸೊಂಟದ ಮುರಿತ, ಸರಿದಿರಲಿಲ್ಲ. ಮತ್ತೆ ಪ್ಲಾಸ್ಟರ್. ಇಂಥದ್ದು ಕೂಡಲು ಎಂಟರಿಂದ ಹನ್ನೆರಡು ವಾರ ಬೇಕು. ಇವನಿಗೆ ಒಟ್ಟು ಹತ್ತು ವಾರವಾಯಿತು. ತೆಗೆಯುವ ಮೊದಲು ಮತ್ತೊಮ್ಮೆ ಸಿಟಿ ಮಾಡಿ ಸಂದಿಗೆ ಅಡ್ಡಲಾಗಿ ಎಲುಬಿನ ಎಳೆಗಳು ಕೂಡಿದ್ದನ್ನು ನೋಡಿಕೊಂಡರು, ಎಕ್ಸ್‌ರೇಯ ಗೆರೆ ಮಸುಕಾದ ಮಾತ್ರಕ್ಕೆ ಕೂಡಿದೆ ಎಂದು ನಂಬುವ ಹಾಗಿಲ್ಲ.

ಪ್ಲಾಸ್ಟರ್ ಬಿಚ್ಚಿದ ದಿನ ಕೈ ಕಟ್ಟಿಗೆಯಂತೆ ಬಿಗಿದಿತ್ತು, ಮುಂಗೈ ಸಣಕಲಾಗಿತ್ತು. ಬಿಸಿನೀರಲ್ಲಿ ಅದ್ದಿ ಆಡಿಸುವುದು, ಹಿಟ್ಟು ನಾದುವುದು, ಹೀಗೆ ದಿನಾ ಮಾಡಿದ. ಅವರವ್ವ ರೊಟ್ಟಿಯ ಹಿಟ್ಟನ್ನು ಅವನ ಮುಂದೆಯೇ ಇಟ್ಟುಬಿಡುತ್ತಿದ್ದಳಂತೆ. ಕಾರ ಹುಣ್ಣಿಮೆಗೆ ಅವರೂರಿಗೆ ಹೋಗಿದ್ದೆ. ಊಟವಾಗಿ ಏಳುವಾಗ ಅವನ ಕೈಯನ್ನೇ ನೋಡುತ್ತಿದ್ದೆ. ಮೊದಲು ಮುಷ್ಟಿ ಬಿಗಿದ, ಅಭ್ಯಾಸ ಬಿಟ್ಟಿರಲಿಲ್ಲ. ಆಮೇಲೆ ಬಿಚ್ಚಿ, ಅಂಗೈ ನೆಲಕ್ಕಿಟ್ಟು, ಭಾರ ಹಾಕಿ ಎದ್ದ.

"ಸ್ವಲ್ಪ ಹಿಡಿತೈತಿ ಮಾಮಾ," ಅಂದ, "ಆದ್ರ ನೋಯಂಗಿಲ್ಲ."